ಗೋಡೆಯ ಹಿಂದೆ ಹೋದ ಮೇಲೂ ಗುಂಡು ತಗುಲುವುದೇಕೆ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಗೆಳೆಯರೆಲ್ಲ ಸೇರಿ ಆನ್‌ಲೈನ್‌ನಲ್ಲಿ ‘ಕೌಂಟರ್‌ಸ್ಟ್ರೈಕ್: ಸೋರ್ಸ್’ ಆಡುವಾಗ ಒಂದು ಜಗಳ ತಪ್ಪುವುದೇ ಇಲ್ಲ. ‘ಗ್ವಾಡಿ ಹಿಂದ ಹೋಗಿದ್ನೆಲೇ, ಹೆಂಗ ಹೊಡದಿ? ಹ್ಯಾಕ್ ಹಾಕೀಯೇನು?’ ಎಂದು ಒಬ್ಬ ಕೇಳುತ್ತಾನೆ. ‘ನನ್ನ ಸ್ಕ್ರೀನ್‌ನ್ಯಾಗ ನೀ ಎದುರಿಗೇ ಇದ್ದೆಲ್ಲೋ’ ಎಂದು ಇನ್ನೊಬ್ಬ ಆಣೆ ಮಾಡುತ್ತಾನೆ. ಸಾಮಾನ್ಯವಾಗಿ ಇಬ್ಬರೂ ಹೇಳುವುದು ನಿಜವೇ. ಈ ಜಗಳದ ಬೇರು ‘ಲ್ಯಾಗ್ ಕಾಂಪೆನ್ಸೇಶನ್’ ಎಂಬ ವ್ಯವಸ್ಥೆಯಲ್ಲಿದೆ.

ಸಂದೇಶವೊಂದು ನಮ್ಮ ಕಂಪ್ಯೂಟರ್‌ನಿಂದ ಸರ್ವರ್‌ಗೆ ಹೋಗಿ ಮರಳಿ ಬರಲು ಹಿಡಿಯುವ ಸಮಯವೇ ಪಿಂಗ್. ಯಲಬುರ್ಗಾದ ಗೆಳೆಯ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಆಡುತ್ತಿದ್ದಾನೆ, ಅವನ ಪಿಂಗ್ 140 ಮಿಲಿಸೆಕೆಂಡ್ ಎಂದುಕೊಳ್ಳೋಣ. ಕೊಪ್ಪಳದಲ್ಲಿ ಫೈಬರ್ ಸಂಪರ್ಕವಿರುವ ನನ್ನದು 40. ನಾನು ಓಡುವ ಚಿತ್ರ ಸರ್ವರ್‌ನಿಂದ ಅವನಿಗೆ ತಲುಪಲು 70 ಮಿಲಿಸೆಕೆಂಡ್ ಬೇಕು. ಚಲನೆ ಜರ್ಕ್ ಹೊಡೆಯದಿರಲೆಂದು ಅವನ ಕಂಪ್ಯೂಟರ್ ಬೇಕೆಂದೇ ಇನ್ನೂ 100 ಮಿಲಿಸೆಕೆಂಡ್ ತಡಮಾಡಿ ತೋರಿಸುತ್ತದೆ. ಇದು ಈ ಆಟದ ಮೂಲ ಸೆಟ್ಟಿಂಗ್. ಅವನು ಹಾರಿಸಿದ ಗುಂಡಿನ ಸುದ್ದಿ ಸರ್ವರ್ ಮುಟ್ಟಲು ಮತ್ತೆ 70. ಒಟ್ಟು 240 ಮಿಲಿಸೆಕೆಂಡ್.

ಅಷ್ಟರಲ್ಲಿ ನಾನು ಎಷ್ಟು ದೂರ ಹೋಗಿರುತ್ತೇನೆ? ಚಾಕು ಹಿಡಿದು ಓಡುವ ಆಟಗಾರ ಸೆಕೆಂಡಿಗೆ 250 ಯುನಿಟ್ ಕ್ರಮಿಸುತ್ತಾನೆ. ಅಂದರೆ 60 ಯುನಿಟ್. ಆಟಗಾರನ ಅಗಲ 32 ಯುನಿಟ್ ಮಾತ್ರ. ಹೀಗಾಗಿ ಅವನು ನನ್ನ ಎದೆಗೇ ಸರಿಯಾಗಿ ಗುರಿಯಿಟ್ಟರೂ, ಸರ್ವರ್ ಈ ಕ್ಷಣದ ನನ್ನ ಜಾಗವನ್ನಷ್ಟೇ ನೋಡಿದರೆ ಗುಂಡು ಖಾಲಿ ಗಾಳಿಗೆ ಹೋಗುತ್ತದೆ. ಈ ವ್ಯವಸ್ಥೆ ಬರುವ ಮೊದಲು ಆಟಗಾರರು ತಮ್ಮ ಪಿಂಗ್ ಅಂದಾಜಿಸಿ, ಎದುರಾಳಿಗಿಂತ ಎರಡು ಮೈ ಅಗಲ ಮುಂದೆ ಗುರಿಯಿಡಬೇಕಿತ್ತು.

‘ತಗುಲಿತು’ ಎಂದು ಅವನ ಕಂಪ್ಯೂಟರೇ ಹೇಳಿದರೆ ನಂಬಬಾರದೇ? ನಂಬಿದರೆ, ಪ್ರೋಗ್ರಾಂ ತಿದ್ದಿದವನು ಗುರಿಯೇ ಇಡದೆ ಎಲ್ಲರನ್ನೂ ಹೊಡೆದೇನೆಂದು ಹೇಳಬಹುದು. ಆದ್ದರಿಂದ ತೀರ್ಪು ಸರ್ವರ್‌ನದೇ ಆಗಬೇಕು. ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರಲ್ಲಿ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ವಿವರಿಸಿದ ಉಪಾಯ ಇದು: ಸರ್ವರ್ ಎಲ್ಲ ಆಟಗಾರರ ಇತ್ತೀಚಿನ ಜಾಗಗಳ ದಾಖಲೆ ಇಟ್ಟುಕೊಂಡಿರುತ್ತದೆ. ಗುಂಡಿನ ಸುದ್ದಿ ಬಂದ ಕೂಡಲೇ ಎದುರಾಳಿಗಳನ್ನು, ನಮ್ಮ ಉದಾಹರಣೆಯಲ್ಲಿ, 240 ಮಿಲಿಸೆಕೆಂಡ್ ಹಿಂದಿನ ಜಾಗಕ್ಕೆ ಸರಿಸುತ್ತದೆ. ಹೊಡೆದವನು ಕಂಡ ಆ ದೃಶ್ಯದಲ್ಲಿ ಗುಂಡು ತಗುಲುತ್ತದೆಯೇ ಎಂದು ಪರೀಕ್ಷಿಸಿ, ಎಲ್ಲರನ್ನೂ ಈಗಿನ ಜಾಗಕ್ಕೆ ಮರಳಿಸುತ್ತದೆ. ಕ್ರಿಕೆಟ್‌ನ ಮೂರನೇ ಅಂಪೈರ್ ರೀಪ್ಲೇ ನೋಡಿದಂತೆ.

ಈ ನ್ಯಾಯಕ್ಕೆ ಬೆಲೆ ತೆರುವವನು ಓಡುತ್ತಿರುವವನು. ನನ್ನ ಚಲನೆಯನ್ನು ನನ್ನ ಕಂಪ್ಯೂಟರ್ ತಡವಿಲ್ಲದೆ ತೋರಿಸುತ್ತದೆ, ಆದರೆ ಅದು ಸರ್ವರ್ ತಲುಪಲು 20 ಮಿಲಿಸೆಕೆಂಡ್ ಬೇಕು. ಸತ್ತ ಸುದ್ದಿ ನನಗೆ ಮರಳಲು ಇನ್ನೊಂದು 20. ಹಾಗಾಗಿ ನನ್ನ ಪರದೆಯಲ್ಲಿ ನಾನು ಗುಂಡು ತಿಂದ ಜಾಗದಿಂದ 280 ಮಿಲಿಸೆಕೆಂಡ್, ಅಂದರೆ 70 ಯುನಿಟ್ ಮುಂದೆ ಬಂದಿರುತ್ತೇನೆ. ಗೋಡೆಯ ಮರೆ ಸೇರಿದ ಮೇಲೆ ಸತ್ತಂತೆ ಕಾಣುವುದು ಇದರಿಂದಲೇ. ನನ್ನ ಪಿಂಗ್ ಎಷ್ಟೇ ಚೆನ್ನಾಗಿದ್ದರೂ ಹೊಡೆದವನ ತಡ ನನ್ನ ತಲೆಗೇ ಬರುತ್ತದೆ. ಯಾರಾದರೊಬ್ಬರಿಗೆ ವಿಚಿತ್ರ ಅನಿಸಲೇಬೇಕಾದಾಗ, ಸರಿಯಾಗಿ ಗುರಿಯಿಟ್ಟವನ ಪರ ನಿಲ್ಲುವುದು ಈ ವಿನ್ಯಾಸದ ಆಯ್ಕೆ.

ಇದಕ್ಕೂ ಮಿತಿ ಉಂಟು. ಈ ಆಟದ ಸರ್ವರ್‌ನಲ್ಲಿ `sv_maxunlag` ಎಂಬ ಸೆಟ್ಟಿಂಗ್ ಇದೆ. ಅದರ ಮೂಲ ಮೌಲ್ಯ 1, ಅಂದರೆ ಒಂದು ಸೆಕೆಂಡಿಗಿಂತ ಹಿಂದೆ ಸರ್ವರ್ ಹೋಗುವುದಿಲ್ಲ. ಬಂದೂಕಿನ ಗುಂಡಿಗೆ ಈ ಲೆಕ್ಕ ಉಂಟು, ಎಸೆದ ಗ್ರೆನೇಡ್‌ಗಿಲ್ಲ. ದಾರಿಯಲ್ಲೇ ಕಳೆದುಹೋದ ಸಂದೇಶಕ್ಕೂ ಪರಿಹಾರವಿಲ್ಲ: ತಲುಪದ ಗುಂಡನ್ನು ಪರೀಕ್ಷಿಸುವುದಾದರೂ ಹೇಗೆ?

ನಿಮ್ಮ ತೊಂದರೆ ಯಾವುದು ಎಂದು ತಿಳಿಯಲು ಕನ್ಸೋಲ್‌ನಲ್ಲಿ `net_graph 3` ಎಂದು ಟೈಪ್ ಮಾಡಿ. ಪಿಂಗ್ 140ರ ಆಸುಪಾಸಿನಲ್ಲೇ ನಿಂತು, `loss` ಸೊನ್ನೆ ಇದ್ದರೆ, ಕಂಡ ಜಾಗಕ್ಕೇ ಗುರಿಯಿಡಿ. ಉಳಿದದ್ದನ್ನು ಸರ್ವರ್ ಸರಿದೂಗಿಸುತ್ತದೆ. ಅಭ್ಯಾಸಬಲದಿಂದ ಮುಂದೆ ಗುರಿಯಿಟ್ಟರೆ ಗುಂಡು ತಪ್ಪುವುದೇ ಹೆಚ್ಚು. `loss` ಏರುತ್ತಿದ್ದರೆ ಮಾತ್ರ ಸಿಗ್ನಲ್ ಚೆನ್ನಾಗಿರುವ ಜಾಗಕ್ಕೆ ಫೋನ್ ಸರಿಸಿ, ಅದೇ ಹಾಟ್‌ಸ್ಪಾಟ್‌ನಲ್ಲಿ ನಡೆಯುತ್ತಿರುವ ಡೌನ್‌ಲೋಡ್ ನಿಲ್ಲಿಸಿ. ಗೋಡೆಯ ಹಿಂದೆ ಸತ್ತಾಗಲೂ ಹ್ಯಾಕ್ ಎಂದು ಬೈಯುವ ಮೊದಲು, ಸ್ಕೋರ್‌ಬೋರ್ಡ್‌ನಲ್ಲಿ ಹೊಡೆದವನ ಪಿಂಗ್ ಎಷ್ಟಿದೆ ಎಂದು ನೋಡುವುದು ಒಳ್ಳೆಯದು.