ಮೈನಸ್ ಎಂಟಕ್ಕೆ ಯಾವ ಲೆನ್ಸ್?

ಕನ್ನಡಕದ ಕಡ್ಡಿಯ ಒಳಬದಿಯನ್ನು ಬೆಳಕಿಗೆ ಹಿಡಿದು ನೋಡಿದರೆ 54-18-140 ಎಂಬಂಥ ಮೂರು ಅಂಕಿಗಳು ಸಣ್ಣದಾಗಿ ಅಚ್ಚಾಗಿರುತ್ತವೆ. ಮೊದಲನೆಯದು ಒಂದು ಲೆನ್ಸಿನ ಅಗಲ, ಎರಡನೆಯದು ಮೂಗಿನ ಮೇಲೆ ಎರಡು ಲೆನ್ಸುಗಳ ನಡುವೆ ಇರುವ ಅಂತರ, ಮೂರನೆಯದು ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಕಡಿಮೆ ಪವರಿನವರು ಇವುಗಳ ಗೊಡವೆಗೆ ಹೋಗದೆ ಆಯುಷ್ಯ ಕಳೆಯಬಹುದು. ಮೈನಸ್ ಆರು, ಎಂಟು, ಹತ್ತು ಪವರ್ ಇರುವವರು ಮಾತ್ರ ಅಂಗಡಿಯವರು 1.67, 1.74 ಎಂದು ಇಂಡೆಕ್ಸ್ ಲೆಕ್ಕ ಒಪ್ಪಿಸುವುದಕ್ಕೆ ಮೊದಲೇ ಇದನ್ನು ಓದಿಕೊಳ್ಳಬೇಕು. ಸೋಡಾಬುಡ್ಡಿ ಎನ್ನಿಸಿಕೊಳ್ಳುವುದೂ ಬಿಡುವುದೂ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಮೈನಸ್ ಲೆನ್ಸು ನಡುವೆ ತೆಳ್ಳಗೆ, ಅಂಚಿನಲ್ಲಿ ದಪ್ಪ. ಈ ದಪ್ಪ ಒಂದೇ ಸಮನೆ ಏರುವುದಿಲ್ಲ. ಲೆನ್ಸಿನ ಕೇಂದ್ರದಿಂದ ಎಷ್ಟು ದೂರ ಹೋಗುತ್ತೇವೋ ಆ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ: ದೂರ ದುಪ್ಪಟ್ಟಾದರೆ ಹೆಚ್ಚುವರಿ ದಪ್ಪ ನಾಲ್ಕು ಪಟ್ಟು. ಇಂಡೆಕ್ಸ್ ಎನ್ನುವುದು ಲೆನ್ಸಿನ ವಸ್ತು ಬೆಳಕನ್ನು ಎಷ್ಟು ಬಲವಾಗಿ ಬಾಗಿಸುತ್ತದೆ ಎಂಬುದರ ಅಳತೆ. ಹೆಚ್ಚು ಬಾಗಿಸುವ ವಸ್ತುವಿನಲ್ಲಿ ಅದೇ ಪವರಿಗೆ ಕಡಿಮೆ ಗುಳಿ ಸಾಕು, ಹಾಗಾಗಿ ಅಂಚು ತೆಳುವಾಗುತ್ತದೆ. ಆದರೆ ಇಲ್ಲಿ ಉಳಿತಾಯವಾಗುವುದು ಇಂಡೆಕ್ಸಿನಲ್ಲಿ ಒಂದನ್ನು ಕಳೆದು ಉಳಿದ ಭಾಗಕ್ಕೆ ತಕ್ಕಷ್ಟು ಮಾತ್ರ, ವರ್ಗದ ಲೆಕ್ಕದಲ್ಲಲ್ಲ. ದೂರವನ್ನು ಸ್ವಲ್ಪ ತಗ್ಗಿಸಿದರೆ ಸಿಗುವ ಲಾಭ, ದುಬಾರಿ ವಸ್ತುವಿಗೆ ಜಿಗಿದರೆ ಸಿಗುವ ಲಾಭವನ್ನು ಅನೇಕ ಸಲ ಮೀರಿಸುವುದು ಇದರಿಂದಲೇ.

ಒಂದು ಚೀಟಿಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕೋಣ. ಎರಡೂ ಕಣ್ಣಿಗೆ ಮೈನಸ್ 8. ಪಾಪೆಯಿಂದ ಪಾಪೆಗೆ ಇರುವ ಅಂತರ, ಅಂದರೆ ಅಂಗಡಿಯವರ ಭಾಷೆಯಲ್ಲಿ ಪಿ.ಡಿ., 60 ಮಿ.ಮೀ. ಇವರಿಗೆ ಇಷ್ಟವಾದದ್ದು 54-18 ಅಳತೆಯ, ಈಗಿನ ಫ್ಯಾಷನ್ನಿನ ಅಗಲವಾದ ಫ್ರೇಮು. ಲೆನ್ಸಿನ ಕೇಂದ್ರ ಪಾಪೆಯ ಎದುರಿಗೇ ಬರಬೇಕು. ಮೂಗಿನ ನಡುಗೆರೆಯಿಂದ ಪಾಪೆಗೆ 30 ಮಿ.ಮೀ.; ಅದೇ ಗೆರೆಯಿಂದ ಫ್ರೇಮಿನ ಹೊರ ಅಂಚಿಗೆ 54ರ ಜೊತೆ 18ರ ಅರ್ಧ ಸೇರಿ 63. ಅಂದಮೇಲೆ ಲೆನ್ಸಿನ ಕೇಂದ್ರದಿಂದ ಕಿವಿ ಕಡೆಯ ಅಂಚಿಗೆ 33 ಮಿ.ಮೀ. ಉಳಿಯಿತು. ಮೂಗಿನ ಕಡೆಗೆ ಬರೀ 21.

ನಡುವಿನ ದಪ್ಪ ಒಂದೂವರೆ ಮಿ.ಮೀ. ಎಂದಿಟ್ಟುಕೊಂಡರೆ, ಸರಳ ಸೂತ್ರದ ಪ್ರಕಾರ ಸಾಮಾನ್ಯ 1.50 ಪ್ಲಾಸ್ಟಿಕ್ ಲೆನ್ಸಿನ ಕಿವಿ ಕಡೆಯ ಅಂಚು 10 ಮಿ.ಮೀ. ದಾಟುತ್ತದೆ. 1.60ರಲ್ಲಿ ಅದು ಸುಮಾರು 8.8, 1.67ರಲ್ಲಿ 8, ಅತಿ ದುಬಾರಿಯಾದ 1.74ರಲ್ಲಿ 7.4. ನಿಜವಾದ ಲೆನ್ಸಿನಲ್ಲಿ ಇವೆಲ್ಲ ಇನ್ನೂ ತುಸು ಹೆಚ್ಚೇ ಬರುತ್ತವೆ. ಹೋಲಿಕೆಗೆ ಇಷ್ಟು ಸಾಕು.

ಇದೇ ಕಣ್ಣಿಗೆ 46-18ರ ಫ್ರೇಮು ಹಾಕಿ ನೋಡಿ. ಕಿವಿ ಕಡೆಯ ದೂರ 33ರಿಂದ 25ಕ್ಕೆ ಇಳಿಯಿತು. ಈಗ 1.60ರಲ್ಲೇ ಅಂಚು ಸುಮಾರು 5.7 ಮಿ.ಮೀ., 1.67ರಲ್ಲಿ 5.2, 1.74ರಲ್ಲಿ 4.9. ಸಾಮಾನ್ಯ 1.50 ಲೆನ್ಸು ಕೂಡ ಆರೂವರೆಯ ಆಸುಪಾಸಿಗೆ ಬಂದು, ದೊಡ್ಡ ಫ್ರೇಮಿನಲ್ಲಿ ಕೂತ 1.74ಕ್ಕಿಂತ ತೆಳ್ಳಗಾಗುತ್ತದೆ. ಸಣ್ಣ ಫ್ರೇಮಿನಲ್ಲಿ 1.67ಕ್ಕೂ 1.74ಕ್ಕೂ ಇರುವ ವ್ಯತ್ಯಾಸ ಮಿಲಿಮೀಟರಿನ ಮೂರನೇ ಒಂದು ಭಾಗ. ಅದಕ್ಕಾಗಿ ಕೊಡಬೇಕಾದ ಹಣ ಮಾತ್ರ ಅಷ್ಟು ಚಿಕ್ಕದಲ್ಲ.

ಮುಖ ಅಗಲವಾಗಿದ್ದರೆ 46ರ ಫ್ರೇಮು ಮಕ್ಕಳದ್ದನ್ನು ಕಸಿದು ಹಾಕಿಕೊಂಡಂತೆ ಕಾಣಬಹುದು. ಅಂಥವರು ಲೆನ್ಸಿನ ಅಗಲವನ್ನು ಹಿಗ್ಗಿಸುವ ಬದಲು ಮೂಗಿನ ಅಂತರ ಜಾಸ್ತಿ ಇರುವುದನ್ನೋ, ಕಡ್ಡಿ ಸೇರುವ ಮೂಲೆ ಹೊರಚಾಚಿದ ಫ್ರೇಮನ್ನೋ ಹುಡುಕಬೇಕು. 46-22ರಲ್ಲಿ ಕಿವಿ ಕಡೆಯ ದೂರ ಎರಡೇ ಮಿ.ಮೀ. ಹೆಚ್ಚುತ್ತದೆ, ಫ್ರೇಮು ಮಾತ್ರ ನಾಲ್ಕು ಮಿ.ಮೀ. ಅಗಲವಾಗುತ್ತದೆ. ಅಂಕಿಗಳ ರಗಳೆ ಬೇಡ ಎನ್ನುವವರಿಗೆ ಕನ್ನಡಿ ಸಾಕು. ಖಾಲಿ ಫ್ರೇಮು ಹಾಕಿಕೊಂಡು ಯಾರಿಗಾದರೂ ಎದುರು ನಿಂತು ನೋಡಲು ಹೇಳಿ. ಇಷ್ಟು ಪವರ್ ಇದ್ದವರಿಗೆ ಕನ್ನಡಕವಿಲ್ಲದೆ ಕನ್ನಡಿಯಲ್ಲಿ ತಮ್ಮ ಮುಖವೇ ಕಾಣುವುದು ಕಷ್ಟ, ಮೊಬೈಲಿನಲ್ಲಿ ಫೋಟೊ ತೆಗೆಸಿದರೂ ಆದೀತು. ಪಾಪೆ ಬಳೆಯ ನಡುಮಧ್ಯದಲ್ಲಿದ್ದರೆ ಒಳ್ಳೆಯದು. ಮೂಗಿನ ಕಡೆಗೆ ಸರಿದಂತೆ ಕಂಡರೆ ಕಿವಿ ಕಡೆ ದಪ್ಪ ಖಚಿತ.

ಆಕಾರವೂ ಲೆಕ್ಕಕ್ಕೆ ಬರುತ್ತದೆ. ಚೌಕದ ಮೂಲೆ ಕೇಂದ್ರದಿಂದ ಅತಿ ದೂರದ ಜಾಗ. ಕಣ್ಣೀರಿನ ಹನಿಯಂತೆ ಇಳಿಬಿದ್ದ ಏವಿಯೇಟರ್ ಫ್ರೇಮಿನ ಕೆಳತುದಿಯೂ ಹಾಗೆಯೇ. ಗುಂಡಗಿನ, ಅಂಡಾಕಾರದ ಫ್ರೇಮು ಆ ಮೂಲೆಯನ್ನೇ ಕತ್ತರಿಸಿ ಹಾಕುತ್ತದೆ. ಚೀಟಿಯಲ್ಲಿ ಸಿಲಿಂಡರ್ ಪವರ್ ಕೂಡ ಇದ್ದರೆ ಅದರ ಆ್ಯಕ್ಸಿಸ್ ನೋಡಿ. 180ರ ಹತ್ತಿರವಿದ್ದರೆ ಆ ಹೆಚ್ಚುವರಿ ಮೈನಸ್ ಮೇಲೆ ಕೆಳಗೆ ಕೂರುತ್ತದೆ, ಅಲ್ಲಿ ಲೆನ್ಸಿನ ಎತ್ತರವೇ ಕಡಿಮೆ ಇರುವುದರಿಂದ ತೊಂದರೆ ಕಡಿಮೆ. 90ರ ಹತ್ತಿರವಿದ್ದರೆ ಅದೆಲ್ಲ ಕಿವಿ ಕಡೆಯ ಅಂಚಿಗೇ ಬಂದು ಸೇರುತ್ತದೆ. ಅಂಥವರಿಗೆ ಫ್ರೇಮಿನ ಅಗಲದಲ್ಲಿ ರಿಯಾಯಿತಿಯೇ ಇಲ್ಲ.

ಉಳಿದ ನಾಲ್ಕೈದು ಮಿಲಿಮೀಟರನ್ನು ಮರೆಮಾಚುವುದು ಫ್ರೇಮಿನ ಅಂಚಿನ ಕೆಲಸ. ದಪ್ಪ ಅಂಚಿನ, ಗಾಢ ಬಣ್ಣದ ಪ್ಲಾಸ್ಟಿಕ್ ಫ್ರೇಮು ಅದರ ಹೆಚ್ಚು ಭಾಗವನ್ನು ನುಂಗಿಬಿಡುತ್ತದೆ. ಅಂಚಿಲ್ಲದ ರಿಮ್‌ಲೆಸ್ಸಿನಲ್ಲೂ, ಕೆಳಗೆ ನೈಲಾನ್ ದಾರ ಮಾತ್ರ ಇರುವ ಅರ್ಧ ಅಂಚಿನದರಲ್ಲೂ ದಪ್ಪವೆಲ್ಲ ಬಯಲಿಗೆ ಬೀಳುತ್ತದೆ. ತೆಳು ತಂತಿಯ ಫ್ರೇಮಿನಲ್ಲಿ ಇನ್ನೊಂದು ಪೇಚು: ಹಿಂದಕ್ಕೆ ಚಾಚಿದ ಲೆನ್ಸು ಕೆಲವೊಮ್ಮೆ ಮೂಗಿನ ಪ್ಯಾಡಿಗೆ ತಾಗುತ್ತದೆ, ಕಡ್ಡಿ ಪೂರ್ತಿ ಮಡಚುವುದಿಲ್ಲ. ಅಂಚಿಗೆ ಪಾಲಿಶ್ ಹಾಕಿಸಿದರೆ ಹೊಳೆದು ಚೆನ್ನಾಗಿ ಕಾಣುತ್ತದೆ ಎನ್ನುತ್ತಾರೆ. ಆದರೆ ಆ ಹೊಳಪಿನಿಂದ ಬದಿಯ ಬೆಳಕು ಹಾಕಿಕೊಂಡವರ ಕಣ್ಣಿಗೇ ಚುಚ್ಚಬಹುದು. ಮ್ಯಾಟ್ ಅಂಚೇ ವಾಸಿ ಎಂದು ನನ್ನ ಅನಿಸಿಕೆ.

ಇನ್ನು ಇಂಡೆಕ್ಸಿನ ಬೆಲೆ. ಹಣವನ್ನು ಬಿಟ್ಟು ಬೇರೆ ಬೆಲೆಯೂ ಇದೆ. ಬೆಳಕನ್ನು ಹೆಚ್ಚು ಬಾಗಿಸುವ ಪ್ಲಾಸ್ಟಿಕ್ಕುಗಳು ಸಾಮಾನ್ಯವಾಗಿ ಬಣ್ಣಗಳನ್ನೂ ಹೆಚ್ಚು ಬಿಡಿಸುತ್ತವೆ. ಇದನ್ನು ಅಳೆಯುವುದು ಜರ್ಮನಿಯ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ ಹೆಸರಿನ ಸಂಖ್ಯೆ; ಅದು ದೊಡ್ಡದಾದಷ್ಟೂ ನೋಟ ಶುದ್ಧ. ಸಾಮಾನ್ಯ 1.50ರದ್ದು 58. 1.60ರದ್ದು, ಜಪಾನಿನ ಮಿತ್ಸುಯಿ ಕೆಮಿಕಲ್ಸ್ ತಯಾರಿಸುವ ಎಂಆರ್-8 ವಸ್ತುವಾದರೆ, 41. 1.67 ಮತ್ತು 1.74 ಎರಡೂ 32ರ ಆಸುಪಾಸು. ‘ಒಡೆಯದ ಲೆನ್ಸು’ ಎಂದು ಮಾರುವ ಪಾಲಿಕಾರ್ಬೊನೇಟ್ 1.59ರಷ್ಟೇ ಇಂಡೆಕ್ಸ್ ಇಟ್ಟುಕೊಂಡು 30ಕ್ಕೆ ಇಳಿದುಬಿಡುತ್ತದೆ. ಆಡುವ ಮಕ್ಕಳಿಗೆ ಅದು ಸರಿ, ದೊಡ್ಡವರಿಗೆ ತೆಳ್ಳಗಾಗಲಿ ಎಂದು ಅದನ್ನು ಕೊಡುವುದರಲ್ಲಿ ಅರ್ಥವಿಲ್ಲ.

ಮೈನಸ್ ಎಂಟರಂಥ ಪವರಿನಲ್ಲಿ ನೇರ ನೋಡುವಾಗ ಇದು ಗೊತ್ತಾಗುವುದಿಲ್ಲ. ಓರೆನೋಟದಲ್ಲಿ, ಟ್ಯೂಬ್‌ಲೈಟಿನ ಒಂದು ಬದಿಗೆ ನೀಲಿ, ಇನ್ನೊಂದು ಬದಿಗೆ ಹಳದಿ ಮಿಶ್ರಿತ ಕೆಂಪು ಗೆರೆ ಕಾಣುತ್ತದೆ. ಬಿಳಿ ಗೋಡೆಯ ಮೇಲಿನ ಕಪ್ಪು ಅಕ್ಷರದ ಅಂಚು ಕಲಸಿದಂತಿರುತ್ತದೆ. ಬಹಳ ಮಂದಿಗೆ ಕೆಲವು ದಿನಗಳಲ್ಲಿ ಅಭ್ಯಾಸವಾಗುತ್ತದೆ. ಆಗದವರು 1.60ಕ್ಕೆ ಮರಳಿದರೆ ನಷ್ಟವೇನಿಲ್ಲ.

ಎರಡನೆಯದು ಪ್ರತಿಫಲನ. ಸಾಮಾನ್ಯ ಲೆನ್ಸಿನ ಒಂದೊಂದು ಮೈಯೂ ಬೆಳಕಿನ ಶೇ 4ರಷ್ಟನ್ನು ಹಿಂದಕ್ಕೆ ಎಸೆದರೆ, 1.67ರದ್ದು ಶೇ 6ಕ್ಕೂ ಹೆಚ್ಚು, 1.74ರದ್ದು ಶೇ 7ಕ್ಕೂ ಹೆಚ್ಚು. ಆ್ಯಂಟಿ-ಗ್ಲೇರ್ ಕೋಟಿಂಗ್ ಇಲ್ಲದ ಹೈ ಇಂಡೆಕ್ಸ್ ಲೆನ್ಸು ರಾತ್ರಿ ಗಾಡಿ ಓಡಿಸುವವರಿಗೆ ಕಿರಿಕಿರಿ. ಎದುರಿನವರಿಗೂ ಅಂಚಿನ ಸುತ್ತ ಬಿಳಿ ಬಳೆಗಳು ಒಂದರೊಳಗೊಂದು ಕಾಣುತ್ತವೆ. ಕೋಟಿಂಗ್ ಇಲ್ಲಿ ಐಷಾರಾಮವಲ್ಲ, ಲೆನ್ಸಿನ ಬೆಲೆಯೊಳಗೇ ಸೇರಿಸಿ ಎಣಿಸಬೇಕಾದ ಖರ್ಚು. ಮೂರನೆಯದು ತೂಕ. 1.74ರ ಪ್ಲಾಸ್ಟಿಕ್ 1.67ಕ್ಕಿಂತ ಸಾಂದ್ರ, ಹಾಗಾಗಿ ತೆಳ್ಳಗಾದಷ್ಟು ಹಗುರವಾಗುವುದಿಲ್ಲ. ಮೂಗಿನ ಮೇಲಿನ ಭಾರ ಇಳಿಸಲೆಂದೇ ಅದನ್ನು ಕೊಳ್ಳುವವರು ನಿರಾಶರಾಗುತ್ತಾರೆ.

ಹಾಗಾಗಿ ನಮ್ಮ ಮೈನಸ್ ಎಂಟರ ಚೀಟಿಗೆ ನಾನು ಹೇಳುವುದು: 46ರಿಂದ 48ರೊಳಗಿನ, ಮೂಲೆಯಿಲ್ಲದ, ದಪ್ಪ ಅಂಚಿನ ಫ್ರೇಮು, ಅದಕ್ಕೆ 1.67, ಬಣ್ಣದ ಗೆರೆ ಸಹಿಸದವರಿಗೆ 1.60. ಮೈನಸ್ 4ರ ಆಸುಪಾಸಿನವರಿಗೆ 1.60 ಧಾರಾಳ. 1.74 ಎನ್ನುವುದು ಹತ್ತರ ಮೇಲಿನವರಿಗೆ, ಅಥವಾ ದೊಡ್ಡ ಫ್ರೇಮನ್ನು ಬಿಡಲೊಲ್ಲದವರಿಗೆ. ಯಾವ ಇಂಡೆಕ್ಸೂ ಮಾಡಲಾಗದ ಒಂದು ಕೆಲಸವಿದೆ: ಲೆನ್ಸಿನ ಹಿಂದೆ ಕಣ್ಣು ಚಿಕ್ಕದಾಗಿ ಕಾಣುವುದನ್ನು ತಪ್ಪಿಸುವುದು. ಮೈನಸ್ ಎಂಟರಲ್ಲಿ ಅದು ಸುಮಾರು ಶೇ 10ರಷ್ಟು ಕುಗ್ಗುತ್ತದೆ, ಮತ್ತು ಕುಗ್ಗಿಸುವುದು ಪವರ್ ಹಾಗೂ ಕಣ್ಣಿನಿಂದ ಲೆನ್ಸಿಗಿರುವ ದೂರ. ಫ್ರೇಮು ಕಣ್ಣಿಗೆ ಹತ್ತಿರ ಕೂತರೆ ತುಸು ಸುಧಾರಿಸುತ್ತದೆ. ಪೂರ್ತಿ ಹೋಗಬೇಕೆಂದರೆ ಕಾಂಟ್ಯಾಕ್ಟ್ ಲೆನ್ಸ್.

ಕನ್ನಡಕ ಕೈಗೆ ಬಂದ ದಿನ ಎರಡು ಸಂಗತಿ ಪರೀಕ್ಷಿಸಿ. 1.60 ಯಾವುದು, 1.67 ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ, ಪವರ್ ಅಳೆಯುವ ಲೆನ್ಸೋಮೀಟರ್ ಕೂಡ ಅದನ್ನು ಹೇಳುವುದಿಲ್ಲ. ಲೆನ್ಸು ಬಂದ ಕವರನ್ನು ಕೇಳಿ ಪಡೆಯಿರಿ, ಇಂಡೆಕ್ಸ್ ಮತ್ತು ಪವರ್ ಅದರ ಮೇಲಿರುತ್ತದೆ. ಆಮೇಲೆ ಅದೇ ಲೆನ್ಸೋಮೀಟರಿನಲ್ಲಿಟ್ಟು ಎರಡೂ ಲೆನ್ಸಿನ ಕೇಂದ್ರಕ್ಕೆ ಚುಕ್ಕೆ ಇಡಲು ಹೇಳಿ, ಸ್ಕೇಲಿನಲ್ಲಿ ಅಳೆಯಿರಿ. ನಮ್ಮ ಚೀಟಿಯ ಪ್ರಕಾರ ಅಲ್ಲಿ 60 ಬರಬೇಕು. ದೊಡ್ಡ ಫ್ರೇಮಿನ ಲೆನ್ಸು ಎಣಿಸಿದ್ದಕ್ಕಿಂತ ತೆಳ್ಳಗೆ ಬಂದಿದ್ದರೆ ಖುಷಿಪಡುವ ಮುನ್ನ ಇದನ್ನು ಇನ್ನೂ ಗಮನವಿಟ್ಟು ನೋಡಿ: ಕೇಂದ್ರವನ್ನು ಪಾಪೆಯ ಎದುರಿಗೆ ತರದೆ ಫ್ರೇಮಿನ ನಡುವಿಗೇ ಬಿಟ್ಟರೆ ಕಿವಿ ಕಡೆಯ ಅಂಚು ತೆಳುವಾಗುತ್ತದೆ. ಆದರೆ ಅಂತರ 60ರ ಬದಲು 66 ಬಂದರೂ ಸಾಕು, ಎರಡೂ ಕಣ್ಣು ಸೇರಿ ಸುಮಾರು 5 ಪ್ರಿಸಂನಷ್ಟು ಬೇಡದ ಎಳೆತ ಹುಟ್ಟುತ್ತದೆ. ತಲೆನೋವು, ಕಣ್ಣಿಗೆ ಆಯಾಸ, ಕೆಲವರಿಗೆ ಒಂದು ಎರಡಾಗಿ ಕಾಣುವುದು ಎಲ್ಲ ಅದರಿಂದಲೇ. ಇಷ್ಟು ಪವರಿನಲ್ಲಿ ‘ಹಾಕಿಕೊಳ್ಳುತ್ತಾ ಸರಿಹೋಗುತ್ತದೆ’ ಎಂಬ ಸಮಾಧಾನಕ್ಕೆ ಒಪ್ಪದೆ, ಬೇರೆ ಲೆನ್ಸು ಕತ್ತರಿಸಿ ಕೂರಿಸಿಕೊಡಿ ಎಂದು ಅಲ್ಲೇ ಬಿಟ್ಟು ಬನ್ನಿ.