ಡ್ರಿಲ್ ಮಷೀನ್ ಕೊಳ್ಳೋ ಮುಂಚೆ ಗೋಡೆ ನೋಡಿ

ಆನ್‌ಲೈನ್‌ನಲ್ಲಿ ಡ್ರಿಲ್ ಮಷೀನ್ ಹುಡುಕಿದ್ರೆ ಎಲ್ಲ ಪಟ್ಟಿಗಳೂ ಒಂದೇ ಥರ ಕಾಣುತ್ತವೆ. 13 ಮಿ.ಮೀ. ಚಕ್, 600 ವಾಟ್, ನಿಮಿಷಕ್ಕೆ 48,000 ಹೊಡೆತ, 100 ಪೀಸ್ ಕಿಟ್. ಕೆಳಗೆ ‘ಮರ, ಕಬ್ಬಿಣ, ಕಾಂಕ್ರೀಟ್ ಎಲ್ಲಕ್ಕೂ ಸೂಕ್ತ’ ಅನ್ನೋ ಸಾಲು. ಈ ಅಂಕಿಗಳು ಸುಳ್ಳೇನಲ್ಲ. ಆದರೆ ನಮ್ಮ ಮನೆ ಗೋಡೆಯಲ್ಲಿ ಅದು ಕೆಲಸ ಮಾಡುತ್ತಾ ಅನ್ನೋದಕ್ಕೆ ಇವುಗಳಲ್ಲಿ ಉತ್ತರ ನೇರವಾಗಿ ಸಿಗೋದಿಲ್ಲ.

ಸೋಮವಾರಪೇಟೆ ತಾಲೂಕಿನ ಶನಿವಾರಸಂತೆ ಹತ್ತಿರ ಇರೋ ನಮ್ಮ ಮನೆಗೆ ಒಂದು ಡ್ರಿಲ್ ಬೇಕಾಗಿತ್ತು. ಅಪ್ಪ ಫೋನಿನಲ್ಲಿ, “ವಾಟ್ಸ್ ಜಾಸ್ತಿ ಇರೋದನ್ನೇ ತಗೊಂಡ್ರಾಯ್ತಲ್ಲ ಮಗಾ?” ಅಂದರು. ನಾನು ಮೊದಲು ಆಗಬೇಕಾದ ಕೆಲಸಗಳ ಪಟ್ಟಿ ಕೇಳಿದೆ. ಅಡುಗೆಮನೆಯ ಸಿಮೆಂಟ್ ಬ್ಲಾಕ್ ಗೋಡೆಗೆ ಒಂದು ಶೆಲ್ಫ್: 8 ಮಿ.ಮೀ.ನ ಆರು ತೂತು. ಸಿಲ್ವರ್ ಓಕ್ ಬಾಗಿಲಿಗೆ ಚಿಲಕ. ಹಳೇ ಭಾಗದ ಮಣ್ಣಿನ ಗೋಡೆಗೆ ಒಂದು ಗಡಿಯಾರ. ಜೊತೆಗೆ ನಾಲ್ಕು ಕಿಟಕಿಗೆ ಕರ್ಟನ್ ರಾಡ್. ಒಂದು ರಾಡಿಗೆ ಎರಡು ಬ್ರಾಕೆಟ್, ಒಂದು ಬ್ರಾಕೆಟಿಗೆ ಎರಡು ಸ್ಕ್ರೂ. ಅಂದರೆ 6 ಮಿ.ಮೀ.ನ 16 ತೂತು. ಕೊನೆಯ ಈ ಕೆಲಸವೇ ನಿಜವಾದ ಪರೀಕ್ಷೆ. ಯಾಕಂದ್ರೆ ಕಿಟಕಿ ಮೇಲೆ ಇರೋದು ಇಟ್ಟಿಗೆ ಅಲ್ಲ, ಆರ್‌ಸಿಸಿ ಲಿಂಟಲ್.

ಚಕ್ ಮತ್ತು ವಾಟ್

ಚಕ್ ಅಂದ್ರೆ ಬಿಟ್ ಹಿಡಿದುಕೊಳ್ಳೋ ಮೂತಿ. 13 ಮಿ.ಮೀ. ಚಕ್ ಅಂದ್ರೆ ಅದು 13 ಮಿ.ಮೀ. ದಪ್ಪದ ಕಡ್ಡಿಯವರೆಗೆ ಹಿಡಿಯಬಲ್ಲದು ಅಂತ ಮಾತ್ರ ಅರ್ಥ. ಅಷ್ಟು ದೊಡ್ಡ ತೂತನ್ನು ಎಲ್ಲದರಲ್ಲೂ ಕೊರೆಯುತ್ತೆ ಅಂತ ಅಲ್ಲ. ಅದಕ್ಕೆ ಬೇರೆ ಸಾಲು ಇರುತ್ತೆ: ಕಬ್ಬಿಣದಲ್ಲಿ ಇಷ್ಟು, ಮರದಲ್ಲಿ ಇಷ್ಟು, ಕಾಂಕ್ರೀಟಿನಲ್ಲಿ ಇಷ್ಟು ಮಿ.ಮೀ. ಅಂತ. ಈ ಮೂರನ್ನೂ ಬೇರೆ ಬೇರೆಯಾಗಿ ಕೊಡದ ಪಟ್ಟಿಯನ್ನು ನಾನು ಬಿಟ್ಟುಬಿಡ್ತೀನಿ. ಮನೆ ಕೆಲಸಕ್ಕೆ 10 ಮಿ.ಮೀ. ಚಕ್ಕೇ ಬಹುಪಾಲು ಸಾಕು. 13 ಇದ್ದರೆ ಮುಂದೆ ದಪ್ಪ ಬಿಟ್ ಹಾಕೋ ಅನುಕೂಲ ಇರುತ್ತೆ.

ವಾಟ್ ಅನ್ನೋದು ಸಾಮಾನ್ಯವಾಗಿ ಮಷೀನ್ ಎಳೆದುಕೊಳ್ಳೋ ಕರೆಂಟಿನ ಲೆಕ್ಕ. ಅದರಲ್ಲಿ ಒಂದಷ್ಟು ಶಾಖವಾಗಿ ಹೋಗುತ್ತೆ, ಉಳಿದದ್ದು ಬಿಟ್ ತಿರುಗಿಸುತ್ತೆ. 600 ವಾಟ್‌ಗೂ 750 ವಾಟ್‌ಗೂ ಇರೋ ವ್ಯತ್ಯಾಸ ಮರದಲ್ಲಿ ದೊಡ್ಡ ತೂತು ಕೊರೆಯುವಾಗ ಕೈಗೆ ಗೊತ್ತಾಗಬಹುದು. ಲಿಂಟಲ್ ಎದುರು ಅದರಿಂದ ಹೆಚ್ಚೇನೂ ಆಗೋದಿಲ್ಲ. ಅಲ್ಲಿ ಬೇಕಾಗೋದು ತಿರುಗೋ ಶಕ್ತಿಗಿಂತ ಹೊಡೆಯೋ ಶಕ್ತಿ.

48,000 ಹೊಡೆತ ಎಲ್ಲಿಂದ ಬಂತು?

ಇಂಪ್ಯಾಕ್ಟ್ ಡ್ರಿಲ್ ಒಳಗೆ ಹಲ್ಲುಗಳಿರೋ ಎರಡು ಬಿಲ್ಲೆಗಳಿರುತ್ತವೆ. ಹ್ಯಾಮರ್ ಗುರುತಿಗೆ ಹಾಕಿ ಒತ್ತಿದಾಗ ಒಂದರ ಹಲ್ಲು ಇನ್ನೊಂದರ ಹಲ್ಲಿನ ಮೇಲೆ ಹತ್ತಿ ಇಳಿಯುತ್ತೆ. ಬಿಲ್ಲೆಯಲ್ಲಿ 16 ಹಲ್ಲಿದ್ದು, ನಿಮಿಷಕ್ಕೆ 3,000 ಸುತ್ತು ತಿರುಗಿದ್ರೆ 16 × 3,000 = 48,000. ಆ ದೊಡ್ಡ ಸಂಖ್ಯೆ ಬರೋದು ಹೀಗೆ. ಒಂದೊಂದು ಹೊಡೆತವೂ ಬಹಳ ಸಣ್ಣದು. ಅದಕ್ಕೆ ಬಲ ಬರೋದು ನೀವು ಹಿಂದಿನಿಂದ ಒತ್ತೋದ್ರಿಂದ. ಸ್ಟೂಲ್ ಹತ್ತಿ, ಕೈ ಮೇಲೆತ್ತಿ, ಲಿಂಟಲ್‌ಗೆ ಒತ್ತೋದು ಎಷ್ಟು ಕಷ್ಟ, ಎಷ್ಟು ಅಪಾಯ ಅಂತ ಹೇಳಬೇಕಾಗಿಲ್ಲ. ಅದೂ ಅರವತ್ತು ದಾಟಿದ ಅಪ್ಪ!

ರೋಟರಿ ಹ್ಯಾಮರ್‌ನ ಒಳಗೆ ಪಿಸ್ಟನ್ ಇದೆ. ಅದು ಗಾಳಿಯನ್ನು ಒತ್ತಿ, ಒಂದು ಲೋಹದ ತುಂಡನ್ನು ಚಿಮ್ಮಿಸಿ ಬಿಟ್‌ನ ಹಿಂಬದಿಗೆ ಹೊಡೆಸುತ್ತೆ. ಮನೆ, ವೈರಿಂಗ್ ಕೆಲಸದ ಸಣ್ಣ ಮಷೀನ್‌ಗಳಲ್ಲಿ ನಿಮಿಷಕ್ಕೆ ನಾಲ್ಕೈದು ಸಾವಿರ ಹೊಡೆತ ಮಾತ್ರ. ಆದರೆ ಒಂದೊಂದೂ 2ರಿಂದ 3 ಜೌಲ್. ಒಂದು ಕಿಲೋ ತೂಕವನ್ನು ಸುಮಾರು 20-30 ಸೆಂಟಿಮೀಟರ್ ಎತ್ತರದಿಂದ ಬಿಟ್ಟಷ್ಟು ಏಟು. ಹಾಗಾಗಿ ಕಾಂಕ್ರೀಟಿಗೆ ಮಷೀನ್ ಹುಡುಕುವಾಗ ಹೊಡೆತದ ಸಂಖ್ಯೆ ಬಿಟ್ಟು ಜೌಲ್ ನೋಡಬೇಕು. ಪಟ್ಟಿಯಲ್ಲಿ ಜೌಲ್ ಅನ್ನೋ ಸಾಲೇ ಇಲ್ಲದಿದ್ರೆ ಅದು ಹೆಚ್ಚಾಗಿ ಇಂಪ್ಯಾಕ್ಟ್ ಡ್ರಿಲ್.

ಇನ್ನೊಂದು ಗುರುತು ಮೂತಿಯಲ್ಲಿ. ಸಣ್ಣ ರೋಟರಿ ಹ್ಯಾಮರ್‌ಗಳ ಮೂತಿಗೆ ಎಸ್‌ಡಿಎಸ್ ಪ್ಲಸ್ ಅಂತ ಹೆಸರು. ಇದರ ಬಿಟ್‌ನ ಹಿಂಬದಿ 10 ಮಿ.ಮೀ. ದಪ್ಪ ಇದ್ದು, ಗೀರುಗಳಿರುತ್ತವೆ. ತಳ್ಳಿದ್ರೆ ಟಕ್ ಅಂತ ಕೂರುತ್ತೆ. ಸಾಮಾನ್ಯ ಡ್ರಿಲ್ ಬಿಟ್ ಇದಕ್ಕೆ ಕೂರೋದಿಲ್ಲ. ಬೇರೆ ಚಕ್ ಅಡಾಪ್ಟರ್ ಹಾಕಿ ಮರ ಕೊರೆಯಬಹುದು, ಆದರೆ ಆಗ ಹ್ಯಾಮರ್ ಆಫ್ ಇರಲೇಬೇಕು. ಜೊತೆಗೆ ಮಷೀನ್ ಭಾರ, ಬಿಟ್ ಸ್ವಲ್ಪ ಅಲ್ಲಾಡುತ್ತೆ, ಚಿಲಕದಂಥ ನಾಜೂಕು ಕೆಲಸಕ್ಕೆ ಒಗ್ಗೋದಿಲ್ಲ.

100 ಪೀಸ್‌ನಲ್ಲಿ ಏನೇನು?

ಕಿಟ್‌ನ ಫೋಟೋ ದೊಡ್ಡದು ಮಾಡಿ ಎಣಿಸಿ. ಒಂದೊಂದು ಸ್ಕ್ರೂ, ಒಂದೊಂದು ಪ್ಲಾಸ್ಟಿಕ್ ಪ್ಲಗ್ ಕೂಡ ಒಂದು ಪೀಸ್ ಅಂತ ಲೆಕ್ಕಕ್ಕೆ ಬರೋದುಂಟು. ತೂತು ಕೊರೆಯೋ ಬಿಟ್‌ಗಳು ಮೂರು ಜಾತಿ. ಬಾಣದ ತಲೆಯಂಥ ಅಗಲ ತುದಿ ಇದ್ದರೆ ಗೋಡೆಯದ್ದು. ನಡುವೆ ಸೂಜಿಮೊನೆ ಇದ್ದರೆ ಮರದ್ದು. ಸಾದಾ ಚೂಪು ತುದಿಯ, ಎಚ್‌ಎಸ್‌ಎಸ್ ಅಂತ ಬರೆದದ್ದು ಕಬ್ಬಿಣಕ್ಕೆ. ನಮಗೆ ಬೇಕಾದದ್ದು 6 ಮತ್ತು 8 ಮಿ.ಮೀ.ನ ಒಳ್ಳೇ ಗೋಡೆ ಬಿಟ್ ಎರಡೆರಡು, ಮರದ್ದು ಮೂರ್ನಾಲ್ಕು. ಅಷ್ಟನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಡಿಯಾಗಿ ತಗೊಳ್ಳೋದೇ ಮೇಲು.

ಬಿಟ್ ಮತ್ತು ಪ್ಲಗ್ ಒಂದೇ ಅಳತೆ ಇರಲಿ: 6ರ ತೂತಿಗೆ 6ರ ಪ್ಲಗ್. ತೂತಿನ ಆಳ ಪ್ಲಗ್‌ಗಿಂತ ಒಂದು ಸೆಂಟಿಮೀಟರ್ ಹೆಚ್ಚಿರಲಿ. ಮೇಲಿನ ಗಾರೆ 12-15 ಮಿ.ಮೀ. ಇರುತ್ತೆ, ಅದು ಭಾರ ಹೊರೋದಿಲ್ಲ. ಪ್ಲಗ್ ಅದನ್ನು ದಾಟಿ ಒಳಗಿನ ಗೋಡೆಯನ್ನು ಹಿಡಿದಿರಬೇಕು.

ಗೋಡೆ ಹೇಳೋದನ್ನು ಕೇಳಿ

ಒಳಗೆ ಏನಿದೆ ಅಂತ ಪುಡಿಯೇ ಹೇಳುತ್ತೆ. ಕೆಂಪು ಪುಡಿ ಉದುರಿದ್ರೆ ಇಟ್ಟಿಗೆ ಅಥವಾ ಮಣ್ಣು. ಹಳೇ ಮಣ್ಣಿನ ಗೋಡೆಗೆ ಹ್ಯಾಮರ್ ಬೇಡ, ಬರೀ ತಿರುಗಿಸಿದ್ರೆ ಸಾಕು. ಇಲ್ಲಾಂದ್ರೆ ತೂತು ಆಲಿಕೆಯ ಹಾಗೆ ಅಗಲವಾಗಿ ಪ್ಲಗ್ ಸಡಿಲ ಕೂರುತ್ತೆ. ಬೂದು ಪುಡಿ ಸಲೀಸಾಗಿ ಬರ್ತಾ ಇದ್ರೆ ಸಿಮೆಂಟ್ ಬ್ಲಾಕ್. ಗಾರೆ ದಾಟಿದ ಮೇಲೆ ಮುಂದಕ್ಕೇ ಹೋಗದೆ, ನಯವಾದ ಬೂದು ಹಿಟ್ಟು ಮಾತ್ರ ಬಂದ್ರೆ ಆರ್‌ಸಿಸಿ. ಬಿಟ್ ಕಿರುಗುಟ್ಟಿ, ತೂತಿನೊಳಗೆ ಹೊಳಪು ಕಂಡರೆ ಕಬ್ಬಿಣದ ಕಂಬಿ. ಅಲ್ಲಿಗೆ ನಿಲ್ಲಿಸಿ ಒಂದಿಂಚು ಪಕ್ಕಕ್ಕೆ ಹೋಗಬೇಕು. ಲಿಂಟಲ್‌ನಲ್ಲಿ ಮುಖ್ಯ ಕಂಬಿಗಳು ಸಾಮಾನ್ಯವಾಗಿ ಮೇಲಿನ, ಕೆಳಗಿನ ಅಂಚಿನ ಹತ್ತಿರ ಇರೋದ್ರಿಂದ ನಡುಮಟ್ಟದಲ್ಲಿ ಕೊರೆಯೋದು ಒಳ್ಳೇದು. ಬಿಟ್‌ನ ತುದಿ ನೀಲಿಗೆ ತಿರುಗಿದ್ರೆ ಅತಿಯಾಗಿ ಕಾದಿದೆ ಅಂತ ಅರ್ಥ. ಇನ್ನೂ ಒತ್ತಿ ಪ್ರಯೋಜನ ಇಲ್ಲ. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ಮಾತ್ರ ಎಲ್ಲೂ ಕೊರೆಯಬೇಡಿ, ಒಳಗೆ ವೈರ್ ಇರುತ್ತೆ.

ಕೊನೆಗೆ ತಗೊಂಡಿದ್ದು

ಲೆಕ್ಕ ಹೀಗಾಯ್ತು. ಶೆಲ್ಫ್, ಚಿಲಕ, ಗಡಿಯಾರ ಮೂರಕ್ಕೂ ಇಂಪ್ಯಾಕ್ಟ್ ಡ್ರಿಲ್ ಸಾಕು, ಮುಂದೆ ವರ್ಷಗಟ್ಟಲೆ ಬರೋ ಸಣ್ಣಪುಟ್ಟ ಕೆಲಸಕ್ಕೂ ಅದೇ ಬೇಕು. ಲಿಂಟಲ್‌ನಲ್ಲಿ ಒಂದೆರಡು ತೂತಾಗಿದ್ರೆ ಅದರಲ್ಲೇ ಹೇಗೋ ಆಗ್ತಿತ್ತು. ಆದರೆ 16 ಅಂದ್ರೆ ಬಿಟ್ಟೂ ಸವೆಯುತ್ತೆ, ತೋಳೂ ಸೋಲುತ್ತೆ. ಹಾಗಂತ ಒಂದು ದಿನದ ಕೆಲಸಕ್ಕೆ ರೋಟರಿ ಹ್ಯಾಮರ್ ಕೊಂಡು ಮೂಲೆಗಿಡೋದೂ ಸರಿಯಲ್ಲ.

ಅದಕ್ಕೆ 600 ವಾಟ್, 13 ಮಿ.ಮೀ. ಚಕ್‌ನ ಇಂಪ್ಯಾಕ್ಟ್ ಡ್ರಿಲ್ ತಗೊಂಡೆವು. ಟ್ರಿಗರ್ ಒತ್ತಿದಷ್ಟೇ ವೇಗ ಬರೋದು, ಹಿಂದಕ್ಕೂ ತಿರುಗೋದು ಮತ್ತು ಹ್ಯಾಮರ್ ಆಫ್ ಮಾಡೋ ಗುಂಡಿ, ಈ ಮೂರೂ ಇರಲೇಬೇಕು ಅಂತ ನೋಡಿದ್ದೆ. ಲಿಂಟಲ್‌ಗೆ ಊರಿನ ಎಲೆಕ್ಟ್ರಿಷಿಯನ್ ಒಬ್ಬರನ್ನು ಅವರ ರೋಟರಿ ಹ್ಯಾಮರ್ ಸಮೇತ ಕರೆಸಿದೆವು. ಒಂದು ತೂತಿಗೆ ಕಾಲು ನಿಮಿಷವೂ ಹಿಡಿಯಲಿಲ್ಲ. ಒಂದು ಕಡೆ ಕಂಬಿ ಸಿಕ್ಕಿತು, ಬ್ರಾಕೆಟ್ಟನ್ನು ಸ್ವಲ್ಪ ಸರಿಸಿದರು. ಉಳಿದದ್ದನ್ನೆಲ್ಲ ಅಪ್ಪನೇ ಮಾಡಿಕೊಂಡರು.

ನಿಮ್ಮದು ಕಂಬ, ಗೋಡೆ ಎಲ್ಲ ಕಾಂಕ್ರೀಟೇ ಇರೋ ಅಪಾರ್ಟ್‌ಮೆಂಟ್ ಆಗಿದ್ರೆ ಈ ಲೆಕ್ಕ ತಿರುವುಮುರುವು ಆಗುತ್ತೆ. ಆಗ ಮೊದಲು ಕೊಳ್ಳಬೇಕಾದದ್ದು ರೋಟರಿ ಹ್ಯಾಮರ್‌ನ್ನೇ.