ಐಎಸ್‌ಒ ಸರ್ಟಿಫಿಕೇಟು: ಯಾರು ಕೊಟ್ಟರು, ಯಾತಕ್ಕೆ ಕೊಟ್ಟರು?

ಔರಾದದಲ್ಲಿ ಅರ್ಧ ತಾಸು ಸುತ್ತಾಡಿದರೆ ಸಾಕು, ‘ಐಎಸ್‌ಒ 9001:2015 ಸರ್ಟಿಫೈಡ್’ ಎಂಬ ಬರಹ ಎಲ್ಲಾದರೂ ಕಣ್ಣಿಗೆ ಬೀಳುತ್ತದೆ. ಕೋಚಿಂಗ್ ಕ್ಲಾಸಿನ ಫ್ಲೆಕ್ಸ್‌ನಲ್ಲಿ, ಪೈಪ್ ಅಂಗಡಿಯ ಬೋರ್ಡಿನಲ್ಲಿ, ಗೊಬ್ಬರದ ಚೀಲದ ಮೂಲೆಯಲ್ಲಿ ಅದು ಇರುತ್ತದೆ. ಕಂಪನಿಗಳ ವೆಬ್‌ಸೈಟ್ ತೆರೆದರಂತೂ ಬಂಗಾರದ ಬಣ್ಣದ ಉರುಟು ಮುದ್ರೆಗಳ ಸಾಲೇ ಇರುತ್ತದೆ. ಆದರೆ ಐಎಸ್‌ಒ ಎಂಬ ಸಂಸ್ಥೆ ಇಲ್ಲಿಯವರೆಗೆ ಯಾವ ಕಂಪನಿಗೂ ಒಂದು ಸರ್ಟಿಫಿಕೇಟನ್ನೂ ಕೊಟ್ಟಿಲ್ಲ. ಅದು ಜಿನೀವಾದಲ್ಲಿದೆ, 1947ರಿಂದ ಮಾನದಂಡಗಳನ್ನು ಬರೆದು ಪ್ರಕಟಿಸುತ್ತಿದೆ. ಅದರ ಕೆಲಸ ಅಷ್ಟಕ್ಕೇ ನಿಲ್ಲುತ್ತದೆ. ತನ್ನ ಲೋಗೊ ಬಳಸಲು ಕಂಪನಿಗಳಿಗೆ ಅದು ಅನುಮತಿಯನ್ನೂ ಕೊಡುವುದಿಲ್ಲ. ಹಾಗಾದರೆ ಈ ಮುದ್ರೆಗಳನ್ನು ಒತ್ತಿದವರು ಯಾರು?

ನನಗೆ ಈ ಪ್ರಶ್ನೆ ಬಂದದ್ದು ಬೇಳೆ ಗಿರಣಿಯ ದೆಸೆಯಿಂದ. ಅವ್ವ ಇರುವ ಸ್ತ್ರೀಶಕ್ತಿ ಸಂಘದವರು ಸಣ್ಣದೊಂದು ದಾಲ್ ಮಿಲ್ ಹಾಕಬೇಕೆಂದು ಪಿಎಂಎಫ್‌ಎಂಇ ಯೋಜನೆಗೆ ಅರ್ಜಿ ತಯಾರಿಸುತ್ತಿದ್ದರು. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೇನೆ ಎಂಬ ಕಾರಣಕ್ಕೆ ಕೊಟೇಶನ್ ತರಿಸುವ ಕೆಲಸ ನನ್ನ ಪಾಲಿಗೆ ಬಂತು. ಬಂದ ಕೊಟೇಶನ್‌ಗಳಲ್ಲಿ ಒಂದು ಕಂಪನಿಯದು ಉಳಿದವರಿಗಿಂತ ಸಾಕಷ್ಟು ದುಬಾರಿ. ಯಾಕೆಂದು ಫೋನ್ ಮಾಡಿ ಕೇಳಿದರೆ, ‘ನಮ್ಮದು ಐಎಸ್‌ಒ ಮಷಿನ್ ಮೇಡಂ’ ಎಂಬ ಉತ್ತರ ಬಂತು. ವೆಬ್‌ಸೈಟಿನಲ್ಲಿ ಸರ್ಟಿಫಿಕೇಟಿನ ಫೋಟೊವೂ ಇತ್ತು. ಸಂಘದ ಅಧ್ಯಕ್ಷೆ ಅತ್ತಿ ಮೊಬೈಲನ್ನು ದೂರ ಹಿಡಿದು ನೋಡಿ ಕೇಳಿದ್ದು ಒಂದೇ ಮಾತು: ‘ಇದು ಸರ್ಕಾರದ ಸಿಕ್ಕಾ ಏನವ್ವಾ?’

ಅಲ್ಲ. ಅತ್ತಿಗೆ ಹೇಳಿದಂತೆಯೇ ಇಲ್ಲೂ ಹೇಳುತ್ತೇನೆ. ಪಠ್ಯಕ್ರಮ ಬರೆಯುವವರು ಬೇರೆ, ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುವ ಕಾಲೇಜು ಬೇರೆ, ಆ ಕಾಲೇಜಿಗೆ ಮಾನ್ಯತೆ ಕೊಡುವವರು ಬೇರೆ. ಇಲ್ಲಿ ಪಠ್ಯಕ್ರಮ ಬರೆದದ್ದು ಐಎಸ್‌ಒ. ಪರೀಕ್ಷೆ ಮಾಡುವುದು ಸರ್ಟಿಫಿಕೇಶನ್ ಸಂಸ್ಥೆಗಳು. ಇವು ಬಹುಪಾಲು ಖಾಸಗಿ ಕಂಪನಿಗಳು. ಇವುಗಳ ಮೇಲೆ ಕಣ್ಣಿಟ್ಟು ಮಾನ್ಯತೆ ಕೊಡಲು ನಮ್ಮ ದೇಶದಲ್ಲಿ ಎನ್‌ಎಬಿಸಿಬಿ ಎಂಬ ಮಂಡಳಿ ಇದೆ. ಅದು ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಅಂಗ. ಬ್ರಿಟನ್ನಿನಲ್ಲಿ ಇದೇ ಕೆಲಸವನ್ನು ಯುಕಾಸ್ ಮಾಡುತ್ತದೆ. ಇಂಥ ಮಂಡಳಿಗಳು ಒಬ್ಬರ ಮಾನ್ಯತೆಯನ್ನು ಇನ್ನೊಬ್ಬರು ಒಪ್ಪಲು ಕಟ್ಟಿಕೊಂಡ ಅಂತರರಾಷ್ಟ್ರೀಯ ಕೂಟದ ಹೆಸರು 2025ರ ಕೊನೆಯವರೆಗೆ ಐಎಎಫ್ ಎಂದಿತ್ತು.

ತೊಡಕು ಇರುವುದು ನಡುವಿನ ಕೊಂಡಿಯಲ್ಲಿ. ಯಾರು ಬೇಕಾದರೂ ‘ಇಂಟರ್‌ನ್ಯಾಷನಲ್ ಸರ್ಟಿಫಿಕೇಶನ್’ ಎಂದು ಹೆಸರಿಟ್ಟು ಕಂಪನಿ ತೆರೆದು, ಕೆಲವು ಸಾವಿರ ರೂಪಾಯಿಗೆ ಮೂರು ದಿನದಲ್ಲಿ ಸರ್ಟಿಫಿಕೇಟು ಮೇಲ್ ಮಾಡಬಹುದು. ಮಾನ್ಯತೆ ಕೇಳಿದರೆ ಅದಕ್ಕೂ ದೊಡ್ಡ ಹೆಸರಿನ ಒಂದು ‘ಬೋರ್ಡ್’ ತೋರಿಸುತ್ತಾರೆ. ಅದೂ ಅವರ ಕಡೆಯವರೇ ಹುಟ್ಟುಹಾಕಿದ್ದು ಆಗಿರಬಹುದು. ನಿಜವಾದ ಆಡಿಟ್ ಅಷ್ಟು ಬೇಗ ಮುಗಿಯುವುದಿಲ್ಲ. ಐಎಎಫ್‌ನ ಲೆಕ್ಕದಂತೆ ಐದು ಜನ ದುಡಿಯುವ ಘಟಕಕ್ಕೂ 9001ರ ಮೊದಲ ಆಡಿಟ್‌ಗೆ ಸುಮಾರು ಒಂದೂವರೆ ದಿನ ಬೇಕು. ಇಪ್ಪತ್ತು ಜನರಿದ್ದರೆ ಮೂರು ದಿನ. ಅದೂ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಕಾಗದಪತ್ರ ಮತ್ತು ಸಿದ್ಧತೆ ನೋಡುತ್ತಾರೆ, ಆಮೇಲೆ ಕೆಲಸ ನಡೆಯುವ ಜಾಗದಲ್ಲಿ ಪರಿಶೀಲಿಸುತ್ತಾರೆ. ಕೊಟ್ಟ ಸರ್ಟಿಫಿಕೇಟು ಮೂರು ವರ್ಷದ್ದು, ವರ್ಷಕ್ಕೊಮ್ಮೆ ಮತ್ತೆ ಆಡಿಟ್ ಇರುತ್ತದೆ. ಅದರಲ್ಲಿ ಫೇಲಾದರೆ ನಡುವೆಯೇ ಅಮಾನತು ಮಾಡಬಹುದು, ವಾಪಸೂ ಪಡೆಯಬಹುದು. ವೆಬ್‌ಸೈಟಿನಲ್ಲಿ ಅಂಟಿಸಿದ ಫೋಟೊಗೆ ಮಾತ್ರ ಇದಾವುದೂ ಗೊತ್ತಾಗುವುದಿಲ್ಲ.

ನಮ್ಮ ಕೈಗೆ ಸಿಕ್ಕಿದ್ದ ಫೋಟೊವನ್ನು ದೊಡ್ಡದು ಮಾಡಿ ಓದತೊಡಗಿದೆ. ಮೊದಲು ಕಂಪನಿಯ ಹೆಸರು, ವಿಳಾಸ. ಹೆಸರು ಸರಿ ಇತ್ತು. ಆದರೆ ವಿಳಾಸ ಊರ ನಡುವಿನ ಕಾಂಪ್ಲೆಕ್ಸಿನ ಒಂದು ಅಂಗಡಿಯದು. ಯಂತ್ರ ತಯಾರಾಗುತ್ತದೆ ಎಂದು ಅವರೇ ಹೇಳಿದ್ದ ಕೈಗಾರಿಕಾ ಪ್ರದೇಶದ್ದಲ್ಲ. ಆಮೇಲೆ ‘ಸ್ಕೋಪ್’ ಎಂಬ ಸಾಲು. ಹೆಚ್ಚಿನವರು ಓದದೆ ಬಿಡುವ ಸಾಲು ಇದು, ನನ್ನ ಮಟ್ಟಿಗೆ ಇಡೀ ಕಾಗದದಲ್ಲಿ ಓದಲೇಬೇಕಾದದ್ದೂ ಇದೇ. ಯಾವ ಕೆಲಸಕ್ಕೆ ಸರ್ಟಿಫಿಕೇಟು ಎಂದು ಹೇಳುವುದು ಇದೊಂದೇ. ಅಲ್ಲಿ ಬರೆದಿದ್ದದ್ದು ಕೃಷಿ ಯಂತ್ರೋಪಕರಣಗಳ ವ್ಯಾಪಾರ ಮತ್ತು ಸರಬರಾಜು. ತಯಾರಿಕೆ ಎಂಬ ಪದವೇ ಇರಲಿಲ್ಲ. ಅಂದರೆ ಆ ಕಾಗದ ನಿಜವೇ ಆಗಿದ್ದರೂ, ಅದು ಗಿರಣಿ ಕಟ್ಟುವ ಕೆಲಸದ ಬಗ್ಗೆ ಏನೂ ಹೇಳುತ್ತಿರಲಿಲ್ಲ.

ಮುಂದಿನದು ಕೊಟ್ಟವರ ವಿಚಾರ. ಕೆಳಗೆ ಎರಡು ಲೋಗೊ ಇದ್ದವು: ಒಂದು ಸರ್ಟಿಫಿಕೇಶನ್ ಸಂಸ್ಥೆಯದು, ಇನ್ನೊಂದು ಮಾನ್ಯತೆ ಕೊಟ್ಟ ಬೋರ್ಡಿನದು. ಜೊತೆಗೆ ಕ್ಯೂಆರ್ ಕೋಡ್. ಅದನ್ನು ಸ್ಕ್ಯಾನ್ ಮಾಡಿದರೆ ಹಸಿರು ಟಿಕ್ ಸಮೇತ ‘ವ್ಯಾಲಿಡ್’ ಎಂದು ಬಂತು. ತೆರೆದುಕೊಂಡದ್ದು ಮಾತ್ರ ಅದೇ ಸಂಸ್ಥೆಯ ವೆಬ್‌ಸೈಟ್. ಕಾಗದ ಕೊಟ್ಟವರನ್ನೇ ‘ಕಾಗದ ಖರೆನಾ?’ ಎಂದು ಕೇಳಿದರೆ ಇನ್ನೇನು ಹೇಳುತ್ತಾರೆ! ಹಾಗಾಗಿ ಕ್ಯೂಆರ್ ಬಿಟ್ಟು, nabcb.qci.org.in ಎಂದು ನಾನೇ ಟೈಪ್ ಮಾಡಿ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ನೋಡಿದೆ. ಆ ಸಂಸ್ಥೆ ಅಲ್ಲಿ ಇರಲಿಲ್ಲ. ವಿದೇಶಿ ಮಂಡಳಿಯ ಮಾನ್ಯತೆ ಇರಬಹುದಲ್ಲ ಎಂದು ಐಎಎಫ್‌ನ ಸದಸ್ಯರ ಪಟ್ಟಿ ನೋಡಿದೆ. ಆ ‘ಬೋರ್ಡ್’ ಅಲ್ಲೂ ಇರಲಿಲ್ಲ. ಕೊನೆಗೆ iafcertsearch.org ನಲ್ಲಿ ಸರ್ಟಿಫಿಕೇಟು ಸಂಖ್ಯೆ ಹಾಕಿದೆ, ಕಂಪನಿಯ ಹೆಸರು ಹಾಕಿದೆ. ಎರಡಕ್ಕೂ ಫಲಿತಾಂಶ ಇಲ್ಲ.

ಇಲ್ಲೊಂದು ಎಚ್ಚರ ಬೇಕು. ಆ ತಾಣದಲ್ಲಿ ಸಿಗಲಿಲ್ಲ ಎಂಬುದೊಂದನ್ನೇ ಹಿಡಿದು ಸರ್ಟಿಫಿಕೇಟು ಸುಳ್ಳು ಎನ್ನಲಾಗದು. ಹೆಸರಿನ ಸ್ಪೆಲ್ಲಿಂಗ್ ಬೇರೆ ಇರಬಹುದು, ಮಾಹಿತಿ ಇನ್ನೂ ಸೇರದೇ ಇರಬಹುದು. ಆಗ ನೇರವಾಗಿ ಸರ್ಟಿಫಿಕೇಶನ್ ಸಂಸ್ಥೆಗೇ ಮೇಲ್ ಬರೆಯಬೇಕು. ಮಾನ್ಯತೆ ಇರುವ ಸಂಸ್ಥೆಗಳು ಪಾಲಿಸಬೇಕಾದ ಮಾನದಂಡದ ಹೆಸರು ಐಎಸ್‌ಒ/ಐಇಸಿ 17021-1. ಯಾರಾದರೂ ಕೇಳಿದರೆ ಕಂಪನಿಯ ಹೆಸರು, ಊರು, ಯಾವ ಮಾನದಂಡ, ಸ್ಕೋಪ್ ಏನು, ಸರ್ಟಿಫಿಕೇಟು ಚಾಲ್ತಿಯಲ್ಲಿದೆಯೋ ಅಮಾನತಾಗಿದೆಯೋ ಎಂದು ತಿಳಿಸಬೇಕು ಎನ್ನುತ್ತದೆ ಅದು. ಗಿರಾಕಿಯೇ ಆಗಿರಬೇಕೆಂದಿಲ್ಲ. ನಾನು ಬರೆದ ಮೇಲ್‌ಗೆ ಉತ್ತರ ಬರಲಿಲ್ಲ. ಕಂಪನಿಯವರಿಗೆ ಫೋನ್ ಮಾಡಿದಾಗ ಮಾತ್ರ ಪ್ರಾಮಾಣಿಕ ಉತ್ತರ ಸಿಕ್ಕಿತು: ‘ಎಲ್ಲಾರೂ ಹಿಂಗೇ ಮಾಡಸ್ತಾರ್ರಿ ಮೇಡಂ, ಟೆಂಡರಿಗೆ ಕೇಳ್ತಾರಲ್ರಿ.’

ಸರಿ, ಸರ್ಟಿಫಿಕೇಟು ಅಸಲಿಯೇ ಆಗಿತ್ತು ಎಂದುಕೊಳ್ಳೋಣ. ಆಗಲೂ ‘ಐಎಸ್‌ಒ ಮಷಿನ್’ ಎಂಬ ಮಾತು ತಪ್ಪೇ. 9001 ಎಂಬುದು ಕಂಪನಿ ತನ್ನ ಕೆಲಸವನ್ನು ನಡೆಸಿಕೊಂಡು ಹೋಗುವ ಕ್ರಮಕ್ಕೆ ಸಂಬಂಧಿಸಿದ್ದು. ತಂದ ಉಕ್ಕನ್ನು ಪರೀಕ್ಷಿಸುತ್ತಾರಾ, ಅಳತೆಯ ಉಪಕರಣಗಳನ್ನು ಆಗಾಗ ತಾಳೆ ನೋಡುತ್ತಾರಾ, ದೂರು ಬಂದರೆ ಬರೆದಿಟ್ಟು ಕಾರಣ ಹುಡುಕುತ್ತಾರಾ ಎಂಬಂಥ ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಇರುತ್ತದೆ. ಒಂದು ಕ್ವಿಂಟಲ್ ತೊಗರಿಗೆ ಎಷ್ಟು ಬೇಳೆ ಬರುತ್ತದೆ, ಬೆಲ್ಟಿಗೆ ಸೆರಗು ಸಿಗದಂತೆ ಜಾಲರಿ ಇದೆಯೇ ಎಂಬುದಕ್ಕೆ ಇರುವುದಿಲ್ಲ. ಆಹಾರ ಸುರಕ್ಷತೆಯ 22000, ಕೆಲಸಗಾರರ ಸುರಕ್ಷತೆಯ 45001 ಕೂಡ ಇದೇ ಜಾತಿಯವು.

ವಸ್ತುವಿನ ಬಗ್ಗೆಯೇ ಮಾತಾಡುವ ಸರ್ಟಿಫಿಕೇಟು ಬೇರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನು ನೋಡಿ. ಅದಕ್ಕೆ ಬಿಐಎಸ್ ಕೊಟ್ಟಿರುವ ಪರವಾನಗಿ ‘ಐಎಸ್ 1’ ಎಂಬ ಮಾನದಂಡದ್ದು. ಆ ಮಾನದಂಡ ಹೇಳುವುದು ಧ್ವಜದ ಬಟ್ಟೆ, ನೂಲು, ಬಣ್ಣ, ಅಳತೆ, ಹೊಲಿಗೆ ಹೇಗಿರಬೇಕು ಎಂದು. ಬಣ್ಣ ಬೇರೆಯಾದರೆ, ಚಕ್ರ ಅಳತೆಗೆ ಕೂರದಿದ್ದರೆ ಆ ಬಾವುಟ ನಪಾಸು. ಆಫೀಸಿನ ಫೈಲು ಎಷ್ಟೇ ಚೊಕ್ಕ ಇದ್ದರೂ ನಡೆಯುವುದಿಲ್ಲ. ನಾವು ಸಾಮಾನ್ಯವಾಗಿ ಐಎಸ್‌ಐ ಗುರುತು ಎನ್ನುವುದು ಈ ಬಗೆಯದು. ಆ ಗುರುತಿನ ಮೇಲೆ ಐಎಸ್ ಸಂಖ್ಯೆ, ಕೆಳಗೆ CM/L ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. BIS Care ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು, ವಿಳಾಸ, ವಸ್ತು, ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದೆಲ್ಲ ಬರುತ್ತದೆ. ಕುಕ್ಕರಿನ ಸಂಖ್ಯೆ ಹಾಕಿದಾಗ ಸಿಮೆಂಟ್ ಕಂಪನಿಯ ಹೆಸರು ಬಂದರೆ ಏನೆಂದು ಅರ್ಥಮಾಡಿಕೊಳ್ಳಬೇಕೋ ನಿಮಗೇ ಗೊತ್ತು.

ಅಸಲಿ ಆಡಿಟ್‌ಗೂ ಮಿತಿ ಇದೆ, ಆ ಮಿತಿಗೆ ಜೀವಗಳೇ ಹೋಗಿವೆ. ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಗಾರ್ಮೆಂಟ್ ಕಾರ್ಖಾನೆಗೆ 2012ರ ಆಗಸ್ಟ್‌ನಲ್ಲಿ ಇಟಲಿಯ ರೀನಾ ಎಂಬ ಹೆಸರಾಂತ ಸಂಸ್ಥೆ ಎಸ್‌ಎ 8000 ಸರ್ಟಿಫಿಕೇಟು ಕೊಟ್ಟಿತು. ಕೆಲಸಗಾರರ ಹಕ್ಕು ಮತ್ತು ಸುರಕ್ಷತೆಯ ಮಾನದಂಡ ಅದು. ಸೆಪ್ಟೆಂಬರ್ 11ರಂದು ಅಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಹಚ್ಚಿದವರು ಬೇರೆಯವರು ಎಂದು ಮುಂದೆ ನ್ಯಾಯಾಲಯ ಹೇಳಿತು. ಆದರೆ ಅಷ್ಟು ಜನ ಒಳಗೇ ಸಿಕ್ಕಿಬಿದ್ದದ್ದು ಬಾಗಿಲುಗಳಿಗೆ ಬೀಗ, ಕಿಟಕಿಗಳಿಗೆ ಕಂಬಿ ಇದ್ದುದರಿಂದ. ನಮ್ಮ ತಾಲ್ಲೂಕಿನಿಂದ ಹೈದರಾಬಾದಿಗೆ, ಪುಣೆಗೆ ಫ್ಯಾಕ್ಟರಿ ಕೆಲಸಕ್ಕೆ ಹೋಗುವ ಹುಡುಗರು ಕಂಪನಿಯ ವೆಬ್‌ಸೈಟಿನಲ್ಲಿ 45001 ಮುದ್ರೆ ನೋಡಿ ಸಮಾಧಾನಪಡುವುದನ್ನು ಕಂಡಿದ್ದೇನೆ. ಅವರಿಗೆ ನಾನು ಹೇಳುವುದು, ಕೆಲಸಕ್ಕೆ ಸೇರಿದ ಮೊದಲ ದಿನವೇ ಎರಡನೇ ಬಾಗಿಲು ಎಲ್ಲಿದೆ, ಅದು ತೆರೆಯುತ್ತದೆಯೇ ಎಂದು ಸ್ವಂತ ಕೈಯಿಂದ ನೂಕಿ ನೋಡ್ರಿ ಎಂದು.

ಸಂಘದವರು ಕೊನೆಗೆ ಒಪ್ಪಿದ ತಯಾರಕರ ಬಳಿ ಯಾವ ಐಎಸ್‌ಒ ಕಾಗದವೂ ಇಲ್ಲ. ಸಣ್ಣ ವರ್ಕ್‌ಶಾಪ್, ಏಳೆಂಟು ಜನರ ಕೆಲಸ. ಆದರೆ ನಮ್ಮದೇ ತೊಗರಿ ತಂದು ಓಡಿಸಿ ನೋಡಲು ಅವರು ಬಿಟ್ಟರು. ಎಣ್ಣೆ ಹಚ್ಚಿ ಒಣಗಿಸಿದ 50 ಕೆ.ಜಿ. ತೊಗರಿ ಒಯ್ದಿದ್ದೆವು, 35 ಕೆ.ಜಿ. ಬೇಳೆ, 4 ಕೆ.ಜಿ. ನುಚ್ಚು ಬಂತು, ಉಳಿದದ್ದು ಹೊಟ್ಟು ಮತ್ತು ಪುಡಿ. ಅತ್ತಿ ಪ್ರತಿಯೊಂದನ್ನೂ ಬೇರೆಬೇರೆ ತೂಗಿಸಿದರು. ಮೋಟಾರಿನ ಪ್ಲೇಟಿನ ಮೇಲೆ ‘ಐಎಸ್ 12615’ ಎಂದಿತ್ತು, CM/L ಸಂಖ್ಯೆಯನ್ನು ಆ್ಯಪ್‌ಗೆ ಹಾಕಿದಾಗ ಅದೇ ಮೋಟಾರ್ ಕಂಪನಿಯ ಹೆಸರು ಬಂತು. ಬೆಲ್ಟಿಗೆ ಜಾಲರಿ ಇರಲಿಲ್ಲ. ಅದನ್ನು ಕೂಡಿಸಿ ಕೊಡಬೇಕು, ಬೇಳೆಯ ಪ್ರಮಾಣ ಇಷ್ಟು ಬರಲೇಬೇಕು, ಬಾರದಿದ್ದರೆ ಕೊನೆಯ ಕಂತು ಕೊಡುವುದಿಲ್ಲ ಎಂದು ಖರೀದಿ ಆದೇಶದಲ್ಲೇ ಬರೆಸಿದ್ದೇವೆ.